ಮಿಕ್ಸರ್, ಇಂಡಕ್ಷನ್, ಗೀಝರ್: ಪವರ್‌ಲೈನ್ ನೆಟ್ ಬೀಳಲು ಮೂರು ಬೇರೆ ಕಾರಣಗಳು

ವಿಜಯಪುರದ ನಮ್ಮ ಮನೆಯಲ್ಲಿ ರೌಟರ್ ಕೆಳಗೆ ಪಡಸಾಲೆಯಲ್ಲಿದೆ, ಕಂಪ್ಯೂಟರ್ ಮಾಳಿಗೆಯ ಮೇಲಿದೆ. ನಡುವೆ ಮನೆಯ ಕರೆಂಟಿನ ತಂತಿಯಲ್ಲೇ ನೆಟ್ ಸಾಗಿಸುವ ಒಂದು ಜೊತೆ ಪವರ್‌ಲೈನ್ ಅಡಾಪ್ಟರ್. ಅಡಿಗೆಮನೆಯಲ್ಲಿ ಏನಾದರೂ ಶುರುವಾದರೆ ನೆಟ್ ಬೀಳುತ್ತಿತ್ತು, ಆದರೂ ಜೋಡಣೆಯ ದೀಪ ಆರುತ್ತಿರಲಿಲ್ಲ. ಆ ದೀಪವನ್ನು ನಂಬಬೇಡಿ. ತಂತಿಯಲ್ಲಿ ವಿದ್ಯುತ್ತಿನ ಸದ್ದು, ಅಂದರೆ ಸಿಗ್ನಲ್ ಕೆಡಿಸುವ ಅಡ್ಡಿ, ಹೆಚ್ಚಾದಾಗ ಅಡಾಪ್ಟರ್‌ಗಳು ನಿಧಾನದ ವಿಧಾನಕ್ಕೆ ಇಳಿದು ಸಂಪರ್ಕ ಉಳಿಸಿಕೊಳ್ಳುತ್ತವೆ. ಬೀಳುವುದು ವೇಗ ಮಾತ್ರ.

ಹಾಗಾಗಿ ವೇಗವನ್ನೇ ಅಳೆಯಬೇಕು, ಅದೂ ಮನೆಯೊಳಗಿನದನ್ನು, iperf3 ಎಂಬ ತಂತ್ರಾಂಶದಿಂದ. ರೌಟರ್‌ಗೆ ತಂತಿಯಿಂದ ಜೋಡಿಸಿದ ಲ್ಯಾಪ್‌ಟಾಪ್‌ನಲ್ಲಿ ಮೊದಲ ಸಾಲು, ಮೇಲಿನ ಕಂಪ್ಯೂಟರ್‌ನಲ್ಲಿ ಎರಡನೆಯದು (ವಿಳಾಸ ಆ ಲ್ಯಾಪ್‌ಟಾಪ್‌ನದು):

```
iperf3 -s
iperf3 -c 192.168.1.20 -t 120
```

ಪ್ರತಿ ಸೆಕೆಂಡಿಗೆ ಒಂದು ಸಾಲು ಬರುತ್ತದೆ. ಅದು ಓಡುತ್ತಿರುವಾಗ ಒಬ್ಬರು ಕೆಳಗೆ ಒಂದೊಂದೇ ಸಾಧನವನ್ನು ಮೂರು ಹಂತದಲ್ಲಿ ಹಾಕಬೇಕು: ಗೋಡೆಯ ಸ್ವಿಚ್ ಆಫ್; ಸ್ವಿಚ್ ಆನ್ ಆದರೆ ಸಾಧನ ಆಫ್; ಎರಡೂ ಆನ್. ಕಾರಣ ಸಿಗುವುದು ನಡುವಿನ ಹಂತದಲ್ಲೇ.

ಏನೂ ಓಡದಿದ್ದಾಗ 85 Mbps. ಮಿಕ್ಸರ್ ತಿರುಗಿದಾಗ ಮಾತ್ರ 12ಕ್ಕೆ ಇಳಿಯಿತು. ಅದರ ಮೋಟರಿನ ಕಾರ್ಬನ್ ಬ್ರಶ್‌ನ ಕಿಡಿ ತಂತಿಗೆ ಸದ್ದು ಚೆಲ್ಲುತ್ತದೆ. ಇಂಡಕ್ಷನ್ ಒಲೆ ಹಾಗಲ್ಲ: ಒಲೆ ಆಫ್ ಇದ್ದರೂ ಗೋಡೆಯ ಸ್ವಿಚ್ ಹಾಕಿದ ಕೂಡಲೇ 55 ಆಯಿತು. ಒಳಗಿನ ಫಿಲ್ಟರ್ ಕೆಪಾಸಿಟರ್ ಅಡಾಪ್ಟರಿನ ಸಿಗ್ನಲ್ಲನ್ನೇ ನುಂಗುತ್ತದೆ. ಒಲೆ ಉರಿದಾಗ ಸದ್ದೂ ಸೇರಿ 30.

ಗೀಝರ್‌ನದು ಗಮನಿಸಲೇಬೇಕಾದ ಸಂಗತಿ. ಬರೀ ಕಾಯಿಲ್ ಸದ್ದು ಮಾಡುವುದಿಲ್ಲ, ವೇಗ ಒಂದಿಷ್ಟು ಇಳಿದು ಅಲ್ಲೇ ನಿಲ್ಲಬೇಕು. ನಮ್ಮಲ್ಲಿ ಅದು 20ಕ್ಕೂ 60ಕ್ಕೂ ನಡುವೆ ಜಿಗಿಯುತ್ತಿತ್ತು. ಹೀಗೆ ಜಿಗಿದರೆ ಎಲ್ಲೋ ಸಡಿಲ ಜೋಡಣೆ ಕಿಡಿ ಹಾರಿಸುತ್ತಿದೆ ಎಂದು ಅನುಮಾನಿಸಬೇಕು. 16 ಆಂಪಿಯರ್ ಪ್ಲಗ್ಗಿನ ಒಂದು ಪಿನ್ ಕಂದಾಗಿತ್ತು, ಸಾಕೆಟ್ ಹಿಂದಿನ ಸ್ಕ್ರೂ ಸಡಿಲವಿತ್ತು. ಇದು ನೆಟ್ಟಿನ ಪ್ರಶ್ನೆಯಲ್ಲ, ಬೆಂಕಿಯ ಅಪಾಯ. ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ ಪ್ಲಗ್, ಸಾಕೆಟ್ ಎರಡನ್ನೂ ಬದಲಿಸಿದ ಮೇಲೆ ಗೀಝರ್ ಓಡುವಾಗಲೂ 78 ನಿಂತಿತು.

ಇಂಡಕ್ಷನ್‌ಗೆ ಅರ್ಧ ಪರಿಹಾರ ಸುಲಭ: ಅಡಿಗೆ ಮುಗಿದ ಮೇಲೆ ಗೋಡೆಯ ಸ್ವಿಚ್ ತೆಗೆಯಿರಿ, ಕೆಪಾಸಿಟರ್ ಲೈನಿನಿಂದ ಕಡಿದುಹೋಗುತ್ತದೆ. ಮಿಕ್ಸರ್‌ಗಾಗಿ ಕೆಳಗಿನ ಅಡಾಪ್ಟರನ್ನೇ ಸರಿಸಿದೆ. ಅದು ಅಡಿಗೆಮನೆಯ ಎಂಸಿಬಿಯ ಲೈನಿನಲ್ಲೇ, ಸರ್ಜ್ ತಡೆಯುವ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿತ್ತು. ಆ ಬೋರ್ಡೂ ಸಿಗ್ನಲ್ ನುಂಗುವಂಥದ್ದೇ. ಬೇರೆ ಎಂಸಿಬಿಯಿಂದ ಬರುವ ಸಾಕೆಟ್ಟಿಗೆ ನೇರವಾಗಿ ಚುಚ್ಚಿದೆ. ಮಿಕ್ಸರಿನ ಸದ್ದು ಈಗ ಮುಖ್ಯ ಪೆಟ್ಟಿಗೆಯವರೆಗೆ ಹೋಗಿ ಸುತ್ತಿ ಬರಬೇಕು, ದಾರಿಯಲ್ಲೇ ಕ್ಷೀಣಿಸುತ್ತದೆ. ಶೇಂಗಾ ಚಟ್ನಿ ರುಬ್ಬುವಾಗ ಈಗ 40 ಸಿಗುತ್ತದೆ. ಮೂರು ಫೇಸ್ ಇರುವ ಮನೆಯಲ್ಲಿ ಸರಿಸುವಾಗ ಎರಡೂ ಅಡಾಪ್ಟರ್ ಒಂದೇ ಫೇಸ್‌ನಲ್ಲಿ ಉಳಿಯುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮಿಕ್ಸರ್ ಇಲ್ಲದೆಯೂ ವೇಗ ಬೀಳುತ್ತದೆ.