PCF8523 ಗಡಿಯಾರ ಚಿಪ್: ಕರೆಂಟ್ ಹೋದರೆ ಸಮಯ ಮಾಯ, ದಿನಕ್ಕೆ 2 ಸೆಕೆಂಡ್ ಮುಂದೆ

ತೋಟದ ಮಣ್ಣಿನ ತೇವ ದಾಖಲಿಸುವ ಪೆಟ್ಟಿಗೆಯಲ್ಲಿ ಈ ಚಿಪ್ ಇದೆ. ಮುಖ್ಯ ಕರೆಂಟ್ ತೆಗೆದರೆ ಸಮಯ ಅಳಿಸಿಹೋಗುತ್ತಿತ್ತು. ಅಲಾರಾಂ ಇಲ್ಲದೆಯೂ ಕಂಟ್ರೋಲರ್ ಎದ್ದು ಕೂರುತ್ತಿತ್ತು. ಸಮಯವೂ ಮುಂದೆ ಓಡುತ್ತಿತ್ತು.

ಹೊಸ ಸೆಲ್ ಹಾಕಿದೆ, ಬೋರ್ಡ್ ಬದಲಿಸಿದೆ. ಪ್ರಯೋಜನ ಆಗಲಿಲ್ಲ. ವಾರಕ್ಕೊಮ್ಮೆ ಸಮಯ ತಿದ್ದುವುದು ಸುಮ್ನೆ ತೇಪೆ ಹಾಕಿದ ಹಾಗೆ, ಅಲ್ವಾ?

ಚಿಪ್ ಶುರುವಾದಾಗ ಬ್ಯಾಟರಿಗೆ ಬದಲಾಗುವ ವ್ಯವಸ್ಥೆಯೇ ಆಫ್ ಆಗಿರುತ್ತದೆ. ಅಲಾರಾಂ ಪಿನ್ನಲ್ಲಿ 32768 Hz ಅಲೆಯೂ ಹೊರಬರುತ್ತಿರುತ್ತದೆ. ಚಿಪ್‌ನ ರಿಜಿಸ್ಟರ್‌ಗಳಿಗೆ ಈ ಕ್ರಮದಲ್ಲಿ ಬರೆಯಿರಿ:

```
0x02 = 0x00   // ಬ್ಯಾಟರಿ ಆನ್
0x0F = 0x38   // ಅಲೆ ಆಫ್
0x0A = 0x00   // ಪ್ರತಿ ಗಂಟೆಯ 0 ನಿಮಿಷ
0x01 = 0x00   // ಹಳೆ ಫ್ಲ್ಯಾಗ್ ಅಳಿಸಿ
0x00 = 0x82   // 12.5 pF, ಅಲಾರಾಂ ಆನ್
```

ಎದ್ದಾಗಲೆಲ್ಲ `0x01` ಅನ್ನು ಮತ್ತೆ ಸೊನ್ನೆ ಮಾಡಿ. ಇಲ್ಲದಿದ್ದರೆ ಪಿನ್ ಕೆಳಗೇ ಉಳಿದು ಮುಂದಿನ ಅಲಾರಾಂ ಗೊತ್ತಾಗುವುದಿಲ್ಲ. ನನ್ನ ಕ್ರಿಸ್ಟಲ್ 12.5 pF ನದು. 7 pF ಆದರೆ `0x82` ಬದಲು `0x02`. ಇದು ತಪ್ಪಿದ್ದರೆ ಮುಂದಿನ ಅಳತೆಗೆ ಅರ್ಥವಿಲ್ಲ.

ಇದಾದ ಮೇಲೆ 10 ದಿನ ಅಳೆದೆ. 19 ಸೆಕೆಂಡ್ ಮುಂದೆ. ಅಂದರೆ ಇದು ಕ್ರಿಸ್ಟಲ್‌ನದೇ ವ್ಯತ್ಯಾಸ. ±20 ppm ಎಂದು ಮಾರುವ ಕ್ರಿಸ್ಟಲ್‌ನ ಮಿತಿಗಿಂತ ಇದು ತುಸು ಮಾತ್ರ ಹೆಚ್ಚು. 19 ÷ 864000 ಅಂದರೆ 22 ppm. ಸಮಯ ತಿದ್ದುವ `0x0E` ರಿಜಿಸ್ಟರ್‌ನಲ್ಲಿ ಒಂದು ಹೆಜ್ಜೆಗೆ 4.34 ppm, ಹಾಗಾಗಿ 5 ಹೆಜ್ಜೆ. ಮುಂದೆ ಓಡುತ್ತಿದ್ದರೆ ಧನ ಸಂಖ್ಯೆ:

```
0x0E = 0x05
```

ಈಗ ಉಳಿದದ್ದು ಬಿಸಿಲಿನ ಪರಿಣಾಮ. 35 ಡಿಗ್ರಿಯಲ್ಲಿ ದಿನಕ್ಕೆ ಸುಮಾರು 0.3 ಸೆಕೆಂಡ್ ಹಿಂದೆ ಬೀಳುತ್ತದೆ. ಅದನ್ನು ಈ ರಿಜಿಸ್ಟರ್ ತಾನಾಗಿ ಸರಿಪಡಿಸುವುದಿಲ್ಲ.