ಶೇಕಡಾ ಪಟ್ಟಿಯಲ್ಲಿ ರನ್ನಿಂಗ್ ಬಿಲ್: ರಿಟೆನ್ಶನ್ ಪೂರ್ತಿ ಕೈಗೆ ಬಂದ ಬಗೆ

ಮೊತ್ತದ ಗುತ್ತಿಗೆಯಲ್ಲಿ ನಮ್ಮ ಕಡೆ ಬಿಲ್ ಕೊಡುವ ರೂಢಿ ನಿಮಗೆ ಗೊತ್ತೇ ಇದೆ: ಪಾಯ ಮುಗಿದಾಗ ಇಷ್ಟು, ತಾರಸಿ ಹಾಕಿದಾಗ ಇಷ್ಟು, ಗಾರೆ ಆದಾಗ ಇಷ್ಟು. ತಾರಸಿ ಹಾಕುವ ಮುಂಚಿನ ಇಪ್ಪತ್ತೈದು ದಿನ ಕಬ್ಬಿಣ, ಸೆಂಟ್ರಿಂಗ್, ಕೂಲಿ ಎಲ್ಲಾ ನಮ್ಮ ಜೇಬಿಂದ ಹೋಗುತ್ತದೆ, ಮಾಲೀಕರ ಲೆಕ್ಕದಲ್ಲಿ ಮಾತ್ರ ಕೆಲಸ ಸೊನ್ನೆ. ಶನಿವಾರದ ಬಟವಾಡೆ ಯಾರಿಗೂ ಕಾಯುವುದಿಲ್ಲ. ಅದಕ್ಕೇ ನಾನು ಹಂತದ ಬಿಲ್ ಬಿಟ್ಟು ತಿಂಗಳಿಗೊಂದು ಶೇಕಡಾ ಬಿಲ್ ಶುರು ಮಾಡಿದ್ದು. ಇಷ್ಟೊಂದು ಸಾಲು ಇರುವ ಹಾಳೆಗೆ ಯಾವ ಮಾಲೀಕನೂ ಸಹಿ ಹಾಕಲ್ಲ ಅಂದವರು ಬಹಳ ಜನ. ಈಗ ಮೂರು ಕಟ್ಟಡ ಇದೇ ಲೆಕ್ಕದಲ್ಲಿ ಮುಗಿದಿವೆ.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಚೇರಿ ಕಟ್ಟಡವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ನೆಲ ಮತ್ತು ಮೊದಲ ಮಹಡಿ, ಜಿಎಸ್‌ಟಿ ಬಿಟ್ಟು ಸುಮಾರು 48 ಲಕ್ಷ. ಒಪ್ಪಂದಕ್ಕೆ ಸಹಿ ಹಾಕುವ ದಿನವೇ ತೂಕದ ಪಟ್ಟಿಗೂ, ಅಂದರೆ ಒಟ್ಟು ಮೊತ್ತದಲ್ಲಿ ಯಾವ ಕೆಲಸಕ್ಕೆ ಶೇಕಡಾ ಎಷ್ಟು ಅನ್ನುವ ಪಟ್ಟಿಗೂ, ಸಹಿ ಆಗಬೇಕು. ಅದರಲ್ಲಿ ಪಾಯ ಮತ್ತು ಪ್ಲಿಂತ್ 12, ಕಾಂಕ್ರೀಟ್ ಚೌಕಟ್ಟು 26, ಗೋಡೆ 10, ಗಾರೆ 11, ನೆಲಹಾಸು 10, ಬಾಗಿಲು ಕಿಟಕಿ 10, ವೈರಿಂಗ್ 6, ಪ್ಲಂಬಿಂಗ್ 6, ಬಣ್ಣ 5, ಉಳಿದ ಚಿಲ್ಲರೆ 4. ಒಟ್ಟು ನೂರು. ಪಾಯಕ್ಕೆ 12ರ ಬದಲು 20 ಬರೆದು ಮೊದಲೇ ಹಣ ಎಳೆದುಕೊಳ್ಳುವವರಿದ್ದಾರೆ. ಆ 8 ಎಲ್ಲಿಂದ ಬಂತು? ಬಾಗಿಲು, ಬಣ್ಣದಿಂದ. ಕೊನೆಗೆ ಬಣ್ಣದವನು ಬಂದು ನಿಂತಾಗ 3,84,000 ರೂಪಾಯಿ ಕಡಿಮೆ ಬಿದ್ದಿರುತ್ತದೆ, ಮಾಲೀಕರನ್ನು ಕೇಳುವ ಬಾಯಿಯೂ ಇರುವುದಿಲ್ಲ. ಹಾಗಂತ ಎಲ್ಲಾ ಸಾಲಿಗೂ ತಕ್ಕಡಿ ಹಿಡಿದು ತೂಗುತ್ತೇನೆ ಅಂತಲೂ ಅಲ್ಲ. ಎರಡು ಸಾಲಿನಲ್ಲಿ ಅರ್ಧರ್ಧ ಅಂಕ ನನಗೆ ಅನುಕೂಲವಾಗಿ ಕೂರಿಸುತ್ತೇನೆ. ಯಾವ ಎರಡು ಅನ್ನುವುದು ನನ್ನ ಹತ್ತಿರವೇ ಇರಲಿ.

ಜಗಳ ಹುಟ್ಟುವುದು ತೂಕದಲ್ಲಲ್ಲ, 'ಎಷ್ಟು ಆಗಿದೆ' ಅನ್ನುವಲ್ಲಿ. ಮೊದಲ ಕಟ್ಟಡದಲ್ಲಿ ಕಣ್ಣಳತೆಯಲ್ಲಿ ಬರೆದೆ. ಬಾಗಿಲು ಶೇ. 90 ಅಂತ ಮೂರು ಬಿಲ್‌ನಲ್ಲೂ ಹಾಗೇ ಕೂತಿತು, ಯಾಕೆಂದರೆ ಚಿಲಕ, ಪಾಲಿಷ್ ಮುಗಿಯುವುದೇ ಇಲ್ಲ. ಆಮೇಲೆ ಪ್ರತಿ ಕೆಲಸವನ್ನೂ ಒಡೆದೆ. ಚೌಕಟ್ಟು ನಿಲ್ಲಿಸಿದರೆ 40, ರೆಕ್ಕೆ ಕೂರಿಸಿದರೆ ಇನ್ನೊಂದು 40, ಚಿಲಕ ಪಾಲಿಷ್‌ಗೆ ಉಳಿದ 20. ತಾರಸಿಗೆ ಕಬ್ಬಿಣ ಕಟ್ಟಿ ಸೆಂಟ್ರಿಂಗ್ ಆದರೆ 50, ಕಾಂಕ್ರೀಟ್ ಬಿದ್ದರೆ 80, ಕ್ಯೂರಿಂಗ್ ಮುಗಿದು ಸೆಂಟ್ರಿಂಗ್ ಬಿಚ್ಚಿದ ಮೇಲಷ್ಟೇ 100. ಗೋಡೆ, ಗಾರೆಯನ್ನು ಟೇಪ್ ಹಿಡಿದು ಅಳೆಯುತ್ತೇವೆ. ಗೋಡೆಗೆ ಒಟ್ಟು ಘನ ಮೀಟರ್‌ನಲ್ಲಿ ಕಟ್ಟಿದ್ದೆಷ್ಟು, ಗಾರೆಗೆ ಒಟ್ಟು ಚದರ ಮೀಟರ್‌ನಲ್ಲಿ ಆಗಿದ್ದೆಷ್ಟು ಅನ್ನುವುದೇ ಶೇಕಡಾ. ಮಾಲೀಕರ ಎಂಜಿನಿಯರ್ ಜೊತೆಯಲ್ಲೇ ನಿಂತು ಅಳೆದು, ಅಲ್ಲೇ ಸಹಿ. ಅಳತೆ ಪುಸ್ತಕ ಆಫೀಸಿಗೆ ಹೋಗಿ ಸಹಿಯಾಗಿ ಬರಲಿ ಅಂದರೆ ಹತ್ತು ದಿನ ಹೋಯಿತು ಅಂತಲೇ.

ನಾಲ್ಕನೇ ಬಿಲ್‌ನ ಲೆಕ್ಕ ನೋಡಿ. ಪಾಯ ಪೂರ್ತಿ, 12. ಚೌಕಟ್ಟಿನ 26ರಲ್ಲಿ ಮಹಡಿಗೆ 13ರಂತೆ: ಕೆಳಗಿನದು ಪೂರ್ತಿ 13, ಮೇಲಿನದು ಕಾಂಕ್ರೀಟ್ ಬಿದ್ದು ಸೆಂಟ್ರಿಂಗ್ ಇನ್ನೂ ನಿಂತಿದೆ, ಹಾಗಾಗಿ 13ರ ಶೇ. 80, ಅಂದರೆ 10.4. ಗೋಡೆ ಶೇ. 70 ಆಗಿದೆ, 7. ತಾರಸಿಯೊಳಗಿನ ಪೈಪು ಎಳೆದಿದ್ದಕ್ಕೆ ವೈರಿಂಗ್‌ನಲ್ಲಿ 1.5, ಪ್ಲಂಬಿಂಗ್‌ನಲ್ಲಿ 0.6. ಕೂಡಿದರೆ 44.5. ಎಕ್ಸೆಲ್‌ನಲ್ಲಿ ತೂಕ B ಕಾಲಂನಲ್ಲಿ, ಆದ ಭಾಗ C ಕಾಲಂನಲ್ಲಿ, ಎರಡೂ ಶೇಕಡಾ ರೂಪದಲ್ಲಿ ಇದ್ದರೆ ಒಂದೇ ಸಾಲು ಸಾಕು:

```
=SUMPRODUCT(B2:B11,C2:C11)
```

48 ಲಕ್ಷದ ಶೇ. 44.5 ಅಂದರೆ 21,36,000. ಇದು ಇಲ್ಲಿಯವರೆಗಿನ ಒಟ್ಟು ಕೆಲಸ. ಮೂರನೇ ಬಿಲ್‌ವರೆಗೆ ಶೇ. 34, ಅಂದರೆ 16,32,000 ಬಿಲ್ ಆಗಿತ್ತು. ಅದನ್ನು ಕಳೆದರೆ ಈ ಸಲದ್ದು 5,04,000. ಈ ತಿಂಗಳು ಮಾಡಿದ್ದನ್ನಷ್ಟೇ ಬರೆಯದೆ ಯಾವಾಗಲೂ ಒಟ್ಟಿನಿಂದ ಹಿಂದಿನದನ್ನು ಕಳೆಯಬೇಕು. ಹಿಂದಿನ ಬಿಲ್‌ನಲ್ಲಿ ಗೋಡೆ ಎರಡು ಅಂಕ ಹೆಚ್ಚು ಬರೆದಿದ್ದರೂ ಈ ಸಲ ಅಳೆದಾಗ ತಾನಾಗಿ ಸರಿಹೋಗುತ್ತದೆ. ಬಿಡಿಬಿಡಿಯಾಗಿ ಬರೆದರೆ ಆ ತಪ್ಪು ಕೊನೇ ಬಿಲ್‌ವರೆಗೂ ಬೆನ್ನಿಗೇ ಅಂಟಿಕೊಂಡು ಬರುತ್ತದೆ, ಕೊನೆಗೆ ಶೇ. 103 ಆಗಿ ಕೂತು ನಗುತ್ತದೆ.

ಈಗ ರಿಟೆನ್ಶನ್, ಅಂದರೆ ದೋಷ ಬಂದರೆ ಇರಲಿ ಅಂತ ಮಾಲೀಕರು ಪ್ರತಿ ಬಿಲ್‌ನಲ್ಲೂ ಹಿಡಿದಿಟ್ಟುಕೊಳ್ಳುವ ಪಾಲು. ಒಪ್ಪಂದದಲ್ಲಿ ಶೇ. 5. ಇಲ್ಲೇ ಹಣ ಸೋರುವುದು. 5,04,000ಕ್ಕೆ ಶೇ. 5 ಅಂದರೆ 25,200. ಮಾಲೀಕರ ಲೆಕ್ಕದವರು ಶೇ. 18 ಜಿಎಸ್‌ಟಿ ಸೇರಿದ 5,94,720ರ ಮೇಲೆ ಶೇ. 5 ಹಿಡಿದರು, 29,736. ನಾವು ಪೂರ್ತಿ ಕೆಲಸದ ಬೆಲೆಗೆ ಇನ್‌ವಾಯ್ಸ್ ಕೊಟ್ಟು ಜಿಎಸ್‌ಟಿ 90,720 ಪೂರ್ತಿ ಕಟ್ಟುತ್ತೇವೆ. ಅವರು ಅದರಲ್ಲೂ ಐದು ಪಾಲು ಹಿಡಿದರೆ ಆ 4,536 ನಮ್ಮ ಕೈಯಿಂದ ಹೋದಂತೆ. ಒಂದು ಬಿಲ್‌ಗೆ ಚಿಲ್ಲರೆ ಅನ್ನಿಸಬಹುದು, ಇಡೀ ಗುತ್ತಿಗೆಗೆ ನೋಡಿದರೆ 43,200 ಹೀಗೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ 'ಜಿಎಸ್‌ಟಿ ಬಿಟ್ಟ ಕೆಲಸದ ಬೆಲೆಯ ಮೇಲೆ' ಅನ್ನುವ ಮಾತು ಒಪ್ಪಂದದಲ್ಲೇ ಇರಬೇಕು. ಟಿಡಿಎಸ್ ಕೂಡ ಜಿಎಸ್‌ಟಿ ಬೇರೆ ತೋರಿಸಿದ್ದರೆ ಕೆಲಸದ ಬೆಲೆಗಷ್ಟೇ: ನಾನು ಪ್ರೊಪ್ರೈಟರ್, ಹಾಗಾಗಿ ಶೇ. 1, ಅಂದರೆ 5,040. ಕೈಗೆ ಬರಬೇಕಾದ್ದು 5,64,480.

ಬಿಲ್‌ನ ಕೆಳಗೆ ಒಂದು ಸಾಲು ತಪ್ಪದೆ ಇರುತ್ತದೆ: ಇಲ್ಲಿಯವರೆಗೆ ಹಿಡಿದ ರಿಟೆನ್ಶನ್ 1,06,800. ಪ್ರತಿ ಬಿಲ್‌ಗೂ ಅವರು ಸಹಿ ಹಾಕುತ್ತಾ ಬಂದರೆ ಕೊನೆಗೆ 2,40,000 ಎಷ್ಟು, ಯಾಕೆ ಅನ್ನುವ ಚರ್ಚೆಯೇ ಏಳುವುದಿಲ್ಲ. ಈ ಒಂದು ಸಾಲಿಗೆ ನನಗೆ ಸ್ವಲ್ಪ ಜಂಬವೂ ಇದೆ.

ರಿಟೆನ್ಶನ್ ಬದಲು ಬ್ಯಾಂಕ್ ಗ್ಯಾರಂಟಿ ಕೊಟ್ಟು ನೋಡಿದ್ದೂ ಉಂಟು. ಬ್ಯಾಂಕು ಮಾರ್ಜಿನ್‌ಗೆ ಡೆಪಾಸಿಟ್ ಕೇಳಿತು, ಮೇಲೆ ಕಮಿಷನ್. ಇಷ್ಟು ಸಣ್ಣ ಮೊತ್ತಕ್ಕೆ ಗಿಟ್ಟಲಿಲ್ಲ. ಹದಿನೈದು ದಿನಕ್ಕೊಂದು ಬಿಲ್ ಕೂಡ ಮಾಡಿದೆ. ಎಂಜಿನಿಯರ್ ಅಳೆಯಲು ಬರುವುದನ್ನು ಕಾಯುವುದರಲ್ಲೇ ಮುಂದಿನ ಬಿಲ್ ಬಂದುಬಿಡುತ್ತಿತ್ತು. ಗಿಟ್ಟಿದ್ದು ಬೇರೆ: ವೈರಿಂಗ್, ಪ್ಲಂಬಿಂಗ್ ಉಪಗುತ್ತಿಗೆಯವರಿಂದ ನಾನೂ ಅದೇ ಶೇ. 5 ಹಿಡಿಯುತ್ತೇನೆ, ಬಿಡುಗಡೆಯ ದಿನವೂ ಅದೇ. ಗಾರೆ ಮೇಸ್ತ್ರಿ ಹತ್ತಿರ ಈ ಮಾತು ನಡೆಯಲ್ಲ, ಅವನದು ವಾರದ ಲೆಕ್ಕ.

ಬಿಡುಗಡೆ ಹೇಗೆಂದರೆ, ಕಟ್ಟಡ ಒಪ್ಪಿಸಿದಾಗ ಅರ್ಧ, ದೋಷ ಹೊಣೆಯ 12 ತಿಂಗಳು ಕಳೆದ ಮೇಲೆ ಅರ್ಧ. ಒಪ್ಪಿಸಿದ ಪತ್ರ ಇಲ್ಲದಿದ್ದರೆ ಆ ಹನ್ನೆರಡು ತಿಂಗಳು ಶುರುವಾಗುವುದೇ ಇಲ್ಲ. ಕೊನೇ ಬಿಲ್‌ನಿಂದ ಎಣಿಸೋಣ, ಬಣ್ಣ ತಿದ್ದಿದ ದಿನದಿಂದ ಎಣಿಸೋಣ ಅನ್ನುತ್ತಾರೆ. ಬೀಗದ ಕೈ ಕೊಡುವಾಗಲೇ ದಿನಾಂಕ ಹಾಕಿ ಸಹಿ ತೆಗೆದುಕೊಳ್ಳಿ, ಉಳಿದ ಚಿಲ್ಲರೆ ಕೆಲಸಗಳನ್ನು ಅದರ ಹಿಂದೆ ಪಟ್ಟಿ ಮಾಡಿ. ದೋಷ ಕಂಡರೆ ಮೊದಲು ಲಿಖಿತವಾಗಿ ತಿಳಿಸಿ ಹದಿನೈದು ದಿನ ಕೊಡಬೇಕು, ನಾವು ಸರಿಮಾಡದಿದ್ದರಷ್ಟೇ ಹಣ ಕಳೆಯಬೇಕು ಅನ್ನುವ ಷರತ್ತೂ ಇರಲಿ. ಒಂದು ಕಡೆ ತಾರಸಿಯ ನೀರು ಹೋಗುವ ಬಾಯಲ್ಲಿ ತೇವ ಬಂದಿತ್ತು. ಷರತ್ತು ಇದ್ದುದರಿಂದ ನಾವೇ ಹೋಗಿ ಬಾಯಿ ಸುತ್ತ ಒಡೆದು ಮತ್ತೆ ಕೂರಿಸಿದೆವು, ನಾಲ್ಕು ಸಾವಿರದೊಳಗೆ ಮುಗಿಯಿತು. ಅವರು ಹೊರಗಿನವರಿಂದ ತಂದಿದ್ದ ಅಂದಾಜು ಇಡೀ ತಾರಸಿಗೆ ವಾಟರ್‌ಪ್ರೂಫಿಂಗ್, ಅರವತ್ತು ಸಾವಿರದ ಹತ್ತಿರ.

ಉಳಿದರ್ಧ ಕೇಳುವಾಗ ಹೊಸ ಟ್ಯಾಕ್ಸ್ ಇನ್‌ವಾಯ್ಸ್ ಕೊಡಬೇಡಿ. ಜಿಎಸ್‌ಟಿ ಆಗಲೇ ಕಟ್ಟಿಯಾಗಿದೆ, ಹಳೇ ಬಿಲ್‌ಗಳ ಸಂಖ್ಯೆ ಬರೆದ ಒಂದು ಪತ್ರ ಸಾಕು. ಟಿಡಿಎಸ್ ಕೂಡ ಪೂರ್ತಿ ಬೆಲೆಗೆ ಬಿಲ್ ಹೊತ್ತಲ್ಲೇ ಕಡಿತವಾಗಿರುತ್ತದೆ. ಆದರೂ 1,20,000ದಲ್ಲಿ ಮತ್ತೆ 1,200 ಕಳೆದು ಕಳಿಸುತ್ತಾರೆ. ಹಳೇ ಬಿಲ್‌ಗಳಲ್ಲೆಲ್ಲಾ ಟಿಡಿಎಸ್ ಸಾಲಿಗೆ ಗುರುತು ಹಾಕಿ ಆ ಪತ್ರಕ್ಕೇ ಲಗತ್ತಿಸಿ.