‘ಉಳ್ಳವರು ಶಿವಾಲಯ ಮಾಡುವರು’: ಒಂದು ವಚನ ಓದಿ ಬರೆದ ನನ್ನ ಅನುಭವ

ನಮ್ಮ ವಚನ ಓದೋ ಗುಂಪಲ್ಲಿ ಒಬ್ಬೊಬ್ರು ಒಂದೊಂದು ವಚನ ತಗೊಂಡು ಎರಡು ಪುಟ ಬರೀಬೇಕಿತ್ತು, ನಾನು ಬಸವಣ್ಣನವರ ಈ ವಚನಾನೇ ತಗೊಂಡೆ. ಶಾಲೆಯಿಂದ ಬಾಯಿಪಾಠ ಆಗಿರೋದ್ರಿಂದ ಇದನ್ನ ಯಾರೂ ನಿಂತು ಓದಲ್ಲ, ಕಿವಿಗೆ ಬಿದ್ದ ತಕ್ಷಣ ಅರ್ಥ ಆಯ್ತು ಅಂದ್ಕೊಂಡು ಮುಂದೆ ಹೋಗ್ತೀವಿ.

ಮೊದಲು ಮಾಡಿದ್ದು ಪಾಠ ನೋಡೋ ಕೆಲಸ. ನಮ್ಮೆಲ್ಲರ ನಾಲಿಗೆ ಮೇಲಿರೋದು ‘ಉಳ್ಳವರು ಶಿವಾಲಯ ಮಾಡುವರು, ನಾನೇನು ಮಾಡಲಿ ಬಡವನಯ್ಯಾ’. ಸಂಪಾದಿತ ಪಾಠದಲ್ಲಿ ‘ಶಿವಾಲಯವ ಮಾಡಿಹರು, ನಾನೇನ ಮಾಡುವೆ’ ಅಂತಿದೆ. ಮುಂದೆ ‘ಎನ್ನ ಕಾಲೇ ಕಂಬ, ದೇಹವೇ ದೇಗುಲ’ ಎರಡರಲ್ಲೂ ಒಂದೇ, ಆದರೆ ಬಾಯಿಪಾಠದ ‘ಶಿರವೇ ಹೊನ್ನ ಕಳಸ’ ಅಲ್ಲಿ ಬರೀ ‘ಶಿರ’. ಕೊನೆಗೆ ‘ಕೂಡಲಸಂಗಮದೇವಾ ಕೇಳಯ್ಯಾ, ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ’. ಇದನ್ನ ಪಕ್ಕಪಕ್ಕ ಇಟ್ಟು ಬರ್ಕೊಂಡಿದ್ದು ತುಂಬಾ ಉಪಯೋಗಕ್ಕೆ ಬಂತು, ಯಾಕಂದ್ರೆ ಪಾಠದಿಂದ ಪಾಠಕ್ಕೆ ಬದಲಾಗೋ ಜಾಗದ ಮೇಲೆ ವಾದ ಕಟ್ಟಿದ್ರೆ ಅದು ನಿಲ್ಲಲ್ಲ. ‘ಶಿರವೇ’ದಲ್ಲಿರೋ ‘ಏ’ ಬಗ್ಗೆ ನಾನು ಒಂದು ಮಾತೂ ಬರೀಲಿಲ್ಲ. ‘ಕಾಲೇ’, ‘ದೇಹವೇ’ ಬಗ್ಗೆ ಬರೆದೆ.

ಆಮೇಲೆ ಇತಿಹಾಸದ ಯಾವ ಪುಸ್ತಕಾನೂ ತೆಗೀದೆ ಬರೀ ಪದಗಳನ್ನೇ ಹಿಡ್ಕೊಂಡು ಕೂತೆ. ಮೊದಲ ಸಾಲಲ್ಲಿ ‘ಮಾಡು’ ಎರಡು ಸಲ ಬರುತ್ತೆ, ಉಳ್ಳವರು ಮಾಡ್ತಾರೆ, ನಾನೇನು ಮಾಡಲಿ. ಆಮೇಲೆ ಬರೋ ಉತ್ತರದಲ್ಲಿ ಮಾಡೋದೇ ಇಲ್ಲ. ‘ಎನ್ನ ಕಾಲೇ ಕಂಬ’ ಅನ್ನೋದ್ರಲ್ಲಿ ಕ್ರಿಯಾಪದಾನೇ ಇಲ್ಲ ನೋಡಿ, ಕಾಲು ಕಂಬ ಆಗುತ್ತೆ ಅಂತಾನೂ ಇಲ್ಲ, ಕಂಬದ ಹಾಗೆ ಅಂತಾನೂ ಇಲ್ಲ. ಈ ಮಾಡೋದು-ಇರೋದು ವ್ಯತ್ಯಾಸವನ್ನ ಎ.ಕೆ. ರಾಮಾನುಜನ್ ಆಗಲೇ ಚೆನ್ನಾಗಿ ತೋರಿಸಿದ್ದಾರೆ, ಅದನ್ನ ಅವರ ಹೆಸರಲ್ಲೇ ಹೇಳಿ ಮುಂದೆ ಹೋದೆ. ನನ್ನನ್ನ ಹೆಚ್ಚು ಹಿಡಿದು ನಿಲ್ಲಿಸಿದ್ದು ‘ಕೇಳಯ್ಯಾ’. ಶುರುವಿನಲ್ಲಿ ಈ ಮನುಷ್ಯ ದೇವರ ಮುಂದೆ ನಿಂತು ನಾನೇನು ಮಾಡಲಿ ಅಂತ ಕೇಳ್ತಾ ಇದ್ದ, ಮೂರು ತುಂಡು ಆಗೋ ಹೊತ್ತಿಗೆ ಅದೇ ದೇವರಿಗೆ ಕೇಳಿಲ್ಲಿ ಅಂತ ಹೇಳೋ ಹಂತಕ್ಕೆ ಬಂದಿದಾನೆ. ದೈನ್ಯದಿಂದ ಶುರುವಾದ ದನಿ ತೀರ್ಪು ಕೊಡ್ತಾ ಮುಗಿಯುತ್ತೆ.

ಹೀಗೆ ಓದಿದ ಮೇಲೆ ಪದಗಳಿಂದಲೇ ಬಗೆಹರೀದ ಪ್ರಶ್ನೆ ಯಾವ್ದು ಉಳೀತು ಅಂತ ಬರ್ಕೊಂಡೆ, ಆ ಪ್ರಶ್ನೆಗಳಿಗೆ ಮಾತ್ರ ಇತಿಹಾಸ ಹುಡುಕೋದು ಅಂತ ನನಗೆ ನಾನೇ ಕಟ್ಟು ಹಾಕ್ಕೊಂಡೆ. ಇಲ್ಲಾಂದ್ರೆ ಕಲ್ಯಾಣ, ಬಿಜ್ಜಳ, ಅನುಭವ ಮಂಟಪ, ಹರಳಯ್ಯ-ಮಧುವರಸರ ಮಕ್ಕಳ ಮದುವೆ ಎಲ್ಲಾ ಬಂದು ಎರಡು ಪುಟಾನೂ ತುಂಬ್ಕೊಂಡು ವಚನ ಮೂಲೆಗೆ ಹೋಗುತ್ತೆ. ಮದುವೆ ಪ್ರಸಂಗ ನನಗೆ ತುಂಬಾ ಮುಖ್ಯ ಅನ್ಸುತ್ತೆ, ಆದರೂ ಈ ವಚನದ ಯಾವ ಪದಾನೂ ಅದನ್ನ ಕೇಳ್ತಿಲ್ಲ, ಹಾಗಾಗಿ ಬಿಟ್ಟೆ. ಪರೀಕ್ಷೆ ಸುಲಭ: ಹಿನ್ನೆಲೆಯ ಒಂದು ವಾಕ್ಯ ಹೊಡೆದು ಹಾಕಿದ್ರೆ ಸಾಲಿನ ಅರ್ಥ ಬದಲಾಗುತ್ತಾ ನೋಡಿ, ಆಗದಿದ್ರೆ ಅದು ಬೇಕಾಗಿಲ್ಲ.

ಪ್ರಶ್ನೆ ಒಂದು, ಈ ‘ಉಳ್ಳವರು’ ಯಾರು. ಇದಕ್ಕೆ ನಾನು ಒಂದೇ ಗುಡಿ ಹಿಡ್ಕೊಂಡೆ, ಕೊಪ್ಪಳ ಜಿಲ್ಲೆಯ ಇಟಗಿ ಮಹಾದೇವ ದೇವಾಲಯ. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಅಲ್ಲಿಯ ಶಾಸನ ಅದನ್ನ ‘ದೇವಾಲಯ ಚಕ್ರವರ್ತಿ’ ಅಂತ ಕರೆಯುತ್ತೆ. ಕಡೆದು ನುಣುಪು ಮಾಡಿದ ಆ ಕಂಬಗಳನ್ನ ನೋಡಿದವರಿಗೆ ‘ಕಾಲೇ ಕಂಬ’ ಅನ್ನೋ ಮಾತಿನ ಭಾರ ಬೇರೇನೇ ಕೇಳಿಸುತ್ತೆ. ಅಂದ್ರೆ ಉಳ್ಳವರು ಅಂದ್ರೆ ಊರಿನ ಸಾಹುಕಾರರಷ್ಟೇ ಅಲ್ಲ, ರಾಜ್ಯಾಧಿಕಾರದಲ್ಲಿ ಕೂತವರೂ ಹೌದು. ಬಸವಣ್ಣನವರು ಇದೇ ಗುಡಿ ನೋಡಿ ಹೇಳಿದ್ರು ಅಂತ ನಾನು ಬರೀಲಿಲ್ಲ, ಅದಕ್ಕೆ ಆಧಾರ ಇಲ್ಲ. ಆ ಕಾಲದ ಆ ಸೀಮೆಯಲ್ಲಿ ‘ಶಿವಾಲಯ ಮಾಡುವುದು’ ಅಂದ್ರೆ ಏನಾಗಿತ್ತು ಅನ್ನೋದಕ್ಕೆ ಮಾತ್ರ ಅದು ಸಾಕ್ಷಿ.

ಎರಡನೇದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು. ‘ಅಳಿವು’ ಯಾಕೆ? ಹಾಳಾಗುತ್ತೆ ಅನ್ನೋದಕ್ಕೆ ಬೇರೆ ಮಾತೂ ಇತ್ತಲ್ಲ. ಆಗ ದಾನಶಾಸನಗಳ ಕೊನೆ ಸಾಲುಗಳನ್ನ ಓದಿದೆ. ಕೊಟ್ಟ ದತ್ತಿ ಆಚಂದ್ರಾರ್ಕ, ಅಂದ್ರೆ ಸೂರ್ಯ ಚಂದ್ರ ಇರೋವರೆಗೂ ನಡೀಲಿ ಅಂತ ಶಾಸನಗಳು ಹಾರೈಸ್ತವೆ, ಅದರ ಬೆನ್ನಿಗೇ ಶಾಪ ಇರುತ್ತೆ, ಇದನ್ನ ಅಳಿದವನು ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪಕ್ಕೆ ಹೋಗಲಿ, ಪಂಚಮಹಾಪಾತಕ ತಟ್ಟಲಿ ಅನ್ನೋ ಧಾಟಿಯಲ್ಲಿ. ‘ಇದನಳಿದೋನ್’ ಅಂತ ಹಳೆಯ ಶಾಸನಗಳಲ್ಲೇ ಬರುತ್ತೆ, ವಚನದ ‘ಅಳಿವು’ ಅದೇ ಧಾತುವಿನದು. ಶಾಶ್ವತ ಅಂತ ಹಾರೈಸಿ ಕಟ್ಟಿದವರೇ ಅಳಿಯುತ್ತೇನೋ ಅನ್ನೋ ಭಯಕ್ಕೆ ಕಲ್ಲಲ್ಲಿ ಶಾಪ ಕೆತ್ತಿಸ್ತಿದ್ರು. ವಚನದಲ್ಲಿ ಶಾಪ ಇಲ್ಲ, ಸಿಟ್ಟೂ ಇಲ್ಲ, ಅಳಿವು ಉಂಟು ಅಂತ ಎರಡೇ ಮಾತು. ಈ ಸಾಲು ಶಾಸನಕ್ಕೆ ಬೇಕಂತಲೇ ಕೊಟ್ಟ ಉತ್ತರ ಅಂತ ಸಾಧಿಸೋಕಾಗಲ್ಲ, ‘ಅಳಿ’ ಆಗ ಎಲ್ಲರ ಬಾಯಲ್ಲೂ ಇದ್ದ ಮಾತೇ. ಆದರೆ ಗುಡಿ ಬಾಗಿಲಲ್ಲಿ ಆ ಶಾಪ ಓದಿಸಿ ಕೇಳಿದ ಜನಕ್ಕೆ ಈ ಸಾಲು ಹೇಗೆ ಕೇಳಿಸಿರಬೇಕು ಅಂತ ಹೇಳಬಹುದು, ಅಷ್ಟಕ್ಕೇ ನಿಲ್ಲಿಸಿದೆ.

‘ಬಡವ’ ಅನ್ನೋದ್ರ ಬಗ್ಗೆ ಗುಂಪಲ್ಲಿ ಜೋರು ಚರ್ಚೆ ಆಯ್ತು. ಹರಿಹರನ ರಗಳೆ ಹಿಡಿದು ಪರಂಪರೆ ಎಲ್ಲಾ ಬಸವಣ್ಣನವರನ್ನ ಬಿಜ್ಜಳನ ಭಂಡಾರದ ಅಧಿಕಾರಿ ಅನ್ನುತ್ತೆ, ಹಾಗಿದ್ದೋರು ಬಡವ ಹೇಗೆ ಅಂತ ಒಬ್ಬರು ಕೇಳಿದ್ರು. ಇಲ್ಲಿ ನಾನು ಪದದ ಪಕ್ಷ ಹಿಡಿದೆ. ವಚನದ ‘ನಾನು’ ಜೀವನಚರಿತ್ರೆಯ ಹೇಳಿಕೆ ಆಗಬೇಕಿಲ್ಲ, ಗುಡಿ ಕಟ್ಟೋಕಾಗದ ಯಾರು ಬೇಕಾದ್ರೂ ಆ ‘ನಾನು’ ಒಳಗೆ ನಿಂತು ಇದನ್ನ ಹೇಳಬಹುದು. ಅಂಕಿತ ಬಸವಣ್ಣನವರದು, ದನಿ ಇಂಥ ಎಲ್ಲರದ್ದು.

ಗುಂಪಿನ ಹಿರಿಯಮ್ಮ ಒಬ್ಬರು ಕೇಳಿದ್ದು ಇನ್ನೂ ಗಟ್ಟಿ ಪ್ರಶ್ನೆ. “ಅಲ್ಲಪ್ಪಾ, ದೇಹಾನೇ ದೇಗುಲ ಅಂದ್ಮೇಲೆ ದೇಹಾನೂ ಬಿದ್ದುಹೋಗತ್ತಲ್ಲ, ಅಳಿವಿಲ್ಲ ಅಂತ ಹೇಗೆ ಅಂದ್ರು?” ಮತ್ತೆ ಸಾಲಿಗೆ ಹೋದ್ವಿ. ದೇಹಕ್ಕೆ ಅಳಿವಿಲ್ಲ ಅಂತ ವಚನ ಎಲ್ಲೂ ಹೇಳಿಲ್ಲ, ಜಂಗಮಕ್ಕೆ ಅಂತ ಹೇಳಿದೆ. ಶರಣರ ಮಾತಲ್ಲಿ ಜಂಗಮ ಅಂದ್ರೆ ಚಲಿಸೋದು ಅಷ್ಟೇ ಅಲ್ಲ, ಗುರು-ಲಿಂಗ-ಜಂಗಮ ಅನ್ನೋ ಮೂರರಲ್ಲಿ ಒಂದು, ಶಿವನೇ ನಡೆದಾಡೋ ರೂಪ. ಅದು ಒಂದು ಮೈಗೆ ಕಟ್ಟಿದ್ದಲ್ಲ. ಜೊತೆಗೆ ಇನ್ನೊಂದು ಗಮನಿಸಿ, ಕಂಬ ದೇಗುಲ ಕಳಸ ಹೇಳಿದವರು ಗರ್ಭಗುಡಿಯನ್ನಾಗಲಿ ಒಳಗಿನ ಲಿಂಗವನ್ನಾಗಲಿ ಹೇಳೇ ಇಲ್ಲ. ಮೈಮೇಲೆ ಇಷ್ಟಲಿಂಗ ಧರಿಸೋರ ನಡುವೆ ಅದನ್ನ ಬಿಡಿಸಿ ಹೇಳೋ ಅಗತ್ಯ ಇರಲಿಲ್ಲ ಅಂತ ನನ್ನ ಊಹೆ, ಹೇಳದೇ ಬಿಟ್ಟದ್ದರ ಮೇಲೆ ನಿಂತಿರೋ ಊಹೆ ಆದ್ದರಿಂದ ಬರಹದಲ್ಲೂ ಊಹೆ ಅಂತಲೇ ಬರೆದೆ. ಹಿರಿಯಮ್ಮ ಜಂಗಮದ ವಿವರಣೆ ಒಪ್ಪಿದ್ರು, ಲಿಂಗದ್ದು ಒಪ್ಪಲಿಲ್ಲ, ಅವರ ಆಕ್ಷೇಪವನ್ನೂ ಎರಡನೇ ಪುಟದ ಕೊನೆಗೆ ಸೇರಿಸಿ ಕೊಟ್ಟೆ.